ನಾಲ್ಕು ಮೂಲೆ ಸರಿ, ನಡುವೆ 15 ಸೆಂಟಿಮೀಟರ್ ಕುಳಿ

ಡ್ರೋನ್ ಸರ್ವೆ ರಿಪೋರ್ಟಿನಲ್ಲಿ 'ಎರರ್ 1 ಸೆಂಟಿಮೀಟರ್' ಅಂತ ಇದ್ದರೆ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: ಯಾವ ಪಾಯಿಂಟಿನ ಮೇಲೆ? ಈ ಪ್ರಶ್ನೆಯನ್ನು ಯಾರೂ ಕೇಳದೆ ಇದ್ದಿದ್ದಕ್ಕೆ ಯಾದಗಿರಿ ಹತ್ತಿರದ ಒಂದು ಗೋದಾಮಿನ ಸೈಟಿನಲ್ಲಿ ಮುರುಮ್ ಮಣ್ಣು ಹೊಡೆಸಿದ ಗುತ್ತಿಗೆದಾರನನ್ನು ಎಲ್ಲರ ಮುಂದೆ ಕಳ್ಳ ಅಂದುಬಿಟ್ಟರು. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಸೈಟ್ ದೊಡ್ಡದಲ್ಲ. 150 ಮೀಟರ್ ಉದ್ದ, 160 ಮೀಟರ್ ಅಗಲ, ಹತ್ತಿರ ಹತ್ತಿರ 6 ಎಕರೆ. ಕೆಳಗೆ ಎರೆ ಮಣ್ಣು, ಅದರ ಮೇಲೆ ಮುರುಮ್ ಲೇಯರ್. ತುಂಬುವ ಮುಂಚಿನ ನೆಲಮಟ್ಟ, ಅಂದರೆ ಓಜಿಎಲ್ ಅನ್ನು ಮೊದಲೇ ಆಟೋ ಲೆವೆಲ್‌ನಲ್ಲಿ 10 ಮೀಟರ್ ಗ್ರಿಡ್ ಹಾಕಿ ತೆಗೆದಿದ್ದರು. ಫಿಲ್ಲಿಂಗ್ ಮುಗಿದ ಮೇಲೆ ಬೇರೊಂದು ಏಜೆನ್ಸಿ ಡ್ರೋನ್ ಹಾರಿಸಿ ವಾಲ್ಯೂಮ್ ಕೊಟ್ಟಿತು. ಗುತ್ತಿಗೆದಾರನ ಬಿಲ್ಲಿಗಿಂತ ಅದು ಸುಮಾರು 2,400 ಘನ ಮೀಟರ್ ಕಡಿಮೆ. ಟಿಪ್ಪರಿಗೆ 10 ಘನ ಮೀಟರ್ ಹಿಡಿದರೆ 240 ಗಾಡಿ. ರೋಲರ್ ಹೊಡೆದ ಮೇಲೆ ಮುರುಮ್ ಕುಗ್ಗುತ್ತದೆ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ.

ಎರಡನೇ ಅಭಿಪ್ರಾಯ ಬೇಕು ಅಂತ ನಮ್ಮನ್ನು ಕರೆದ ದಿನ ಮೀಟಿಂಗಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ನೇರವಾಗಿ ಹೇಳಿದರು: "ಫೋಟೋ ಸುಳ್ಳು ಹೇಳಲ್ಲ. ರಿಜಿಸ್ಟರ್ ನೀವೇ ಬರ್ಕೊಂಡಿದ್ದು."

ಗುತ್ತಿಗೆದಾರ ಎದ್ದು ನಿಂತ. "ಸರ, ಗಾಡಿ ಲೆಕ್ಕ ನಿಮ್ ಸೂಪರ್‌ವೈಸರ್ ಸಹಿ ಹಾಕ್ಯಾರ್ರಿ. ನಾ ಕಳ್ಳ ಅಲ್ರಿ."

ಯಾರೂ ಮಾತಾಡಲಿಲ್ಲ. ನಾನು ಹಳೆ ರಿಪೋರ್ಟ್ ತಿರುವಿ ನೋಡಿದೆ. ಮೇಲ್ಮೈಯನ್ನು ನೆಲಕ್ಕೆ ಹೊಂದಿಸುವ ಕಂಟ್ರೋಲ್ ಪಾಯಿಂಟ್ ನಾಲ್ಕು, ನಾಲ್ಕೂ ಮೂಲೆಯಲ್ಲಿ. ಹೊಂದಿಸಲು ಬಳಸದೆ ಪರೀಕ್ಷೆಗೆ ಮಾತ್ರ ಇಡುವ ಚೆಕ್ ಪಾಯಿಂಟ್ ಒಂದೂ ಇಲ್ಲ. ಹಾರಾಟ ಒಂದೇ ದಿಕ್ಕಿನಲ್ಲಿ, ಕ್ಯಾಮೆರಾ ಪೂರ್ತಿ ಕೆಳಮುಖ. ಇಷ್ಟು ಸಾಕಾಯಿತು. "ಡ್ರೋನ್ ಆಮೇಲೆ ಹಾರಿಸೋಣ, ಮೊದಲು ಆಟೋ ಲೆವೆಲ್ ತಗೊಂಡು ಬನ್ರಿ" ಅಂದೆ.

ಎತ್ತರ ಗೊತ್ತಿರುವ ಸೈಟಿನ ಗುರುತು, ಅಂದರೆ ಟಿಬಿಎಂನಿಂದ ಹೊರಟು ಮೂಲೆಗಳನ್ನು ನೋಡಿದೆವು. ಎಲ್ಲಾ 2 ಸೆಂಟಿಮೀಟರ್ ಒಳಗೇ ಹೊಂದಿದವು. ಮ್ಯಾನೇಜರ್ ಮುಖ ಅರಳಿತು. ಆಮೇಲೆ ಸೈಟಿನ ನಟ್ಟ ನಡುವೆ ಸ್ಟಾಫ್ ಹಿಡಿಸಿದೆ. ಲೆವೆಲ್‌ನಲ್ಲಿ 386.420 ಬಂತು. ಹಳೆ ಡ್ರೋನ್ ಮೇಲ್ಮೈಯಲ್ಲಿ ಅದೇ ಜಾಗ 386.268. ಟಿಬಿಎಂಗೆ ವಾಪಸ್ ಹೋಗಿ ಕ್ಲೋಸ್ ಮಾಡಿದೆವು, ಲೆವೆಲ್‌ನಲ್ಲಿ ತಪ್ಪಿರಲಿಲ್ಲ. ಅಂಚಿನಿಂದ ನಡುವಿನವರೆಗೆ ಒಂದು ಸಾಲು ತೆಗೆದಾಗ ವ್ಯತ್ಯಾಸ ನಿಧಾನಕ್ಕೆ ಏರುತ್ತಾ ಹೋಯಿತು. ಅಂದರೆ ಇಡೀ ಮೇಲ್ಮೈ ಅಗಲ ತಟ್ಟೆಯಂತೆ ನಡುವೆ ಬಗ್ಗಿತ್ತು.

ಲೆಕ್ಕ ಹಾಕಿ ನೋಡಿ. ಮೂಲೆಯಲ್ಲಿ ಸೊನ್ನೆ, ನಡುವೆ 15 ಸೆಂಟಿಮೀಟರ್ ಇರುವ ಇಂಥ ಬಾಗಿನ ಸರಾಸರಿ ಅದರ ಮೂರನೇ ಎರಡು ಪಾಲು, ಅಂದರೆ 10 ಸೆಂಟಿಮೀಟರ್. 24,000 ಚದರ ಮೀಟರಿಗೆ 10 ಸೆಂಟಿಮೀಟರ್ ಅಂದರೆ 2,400 ಘನ ಮೀಟರ್. ಕಳ್ಳತನವಾದ ಮುರುಮ್ ಇಲ್ಲೇ ಇತ್ತು.

ಹೀಗೆ ಯಾಕಾಗುತ್ತದೆ ಅಂದರೆ, ಸಾಫ್ಟ್‌ವೇರ್ ನೆಲದ ಆಕಾರದ ಜೊತೆಗೆ ಲೆನ್ಸಿನ ಡಿಸ್ಟಾರ್ಷನ್ ಅನ್ನೂ ಅದೇ ಫೋಟೋಗಳಿಂದ ಲೆಕ್ಕ ಹಾಕುತ್ತದೆ. ಎಲ್ಲಾ ಫೋಟೋ ಒಂದೇ ಎತ್ತರದಿಂದ, ನೇರ ಕೆಳಗೆ ನೋಡಿ ತೆಗೆದಿದ್ದರೆ ಲೆನ್ಸಿನ ಬಾಗು ಯಾವುದು, ನೆಲದ ಬಾಗು ಯಾವುದು ಅಂತ ಅದಕ್ಕೆ ಸರಿಯಾಗಿ ಬಿಡಿಸಲು ಆಗುವುದಿಲ್ಲ. ಲೆನ್ಸಿನ ಸಣ್ಣ ತಪ್ಪು ನೆಲಕ್ಕೆ ಇಳಿಯುತ್ತದೆ. ನಾಲ್ಕು ಮೂಲೆಯೂ ನಡುವಿನಿಂದ ಒಂದೇ ದೂರದಲ್ಲಿ ಇರುವುದರಿಂದ, ತಟ್ಟೆ ಬಗ್ಗಿದ್ದರೂ ಅಲ್ಲೆಲ್ಲಾ ಎತ್ತರ ಕೂಡಿಬಿಡುತ್ತದೆ. ಆ 1 ಸೆಂಟಿಮೀಟರ್ ಎರರ್ ಅದೇ ಮೂಲೆಗಳದ್ದು. ಹೊಂದಿಸಲು ಬಳಸಿದ ಪಾಯಿಂಟಿನಲ್ಲೇ ಅಳೆದರೆ ಚೆನ್ನಾಗಿ ಬರದೆ ಇನ್ನೇನಾಗುತ್ತದೆ, ಅಲ್ವಾ?

ಜಗಳದಿಂದ ಕೆಲಸ ನಿಂತಿತ್ತು, ನೆಲ ಹಾಗೇ ಇತ್ತು. ಅದಕ್ಕೇ ನಾವು ಮತ್ತೆ ಹಾರಿಸಿದೆವು.

ಎತ್ತರ 60 ಮೀಟರ್ ಇಟ್ಟೆ. ನಮ್ಮ ಒಂದಿಂಚು ಸೆನ್ಸರಿನ 20 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಅಲ್ಲಿಂದ ಒಂದು ಪಿಕ್ಸೆಲ್ ನೆಲದ ಮೇಲೆ 1.6 ಸೆಂಟಿಮೀಟರ್, ಒಂದು ಫೋಟೋ 90 ಮೀಟರ್ ಅಗಲ, 60 ಮೀಟರ್ ಉದ್ದ. ಒಂದು ಫೋಟೋ ಮುಂದಿನದರ ಮೇಲೆ ಬೀಳುವ ಓವರ್‌ಲ್ಯಾಪ್ 80 ಶೇಕಡಾ ಅಂದರೆ 12 ಮೀಟರಿಗೊಂದು ಫೋಟೋ. ಪಕ್ಕದ್ದು 70 ಶೇಕಡಾ, ಸಾಲು 27 ಮೀಟರಿಗೊಂದು. ಈ ಲೆಕ್ಕವೆಲ್ಲ ಡ್ರೋನ್ ಎದ್ದ ಜಾಗದ ಎತ್ತರಕ್ಕೆ ಮಾತ್ರ ಅನ್ನೋದು ನೆನಪಿರಲಿ. ಸೈಟಿನಲ್ಲಿ 10 ಮೀಟರ್ ಎತ್ತರದ ರಾಶಿ ಇದ್ದರೆ ಅದರ ತುದಿಯಲ್ಲಿ ಪಕ್ಕದ ಓವರ್‌ಲ್ಯಾಪ್ 64ಕ್ಕೆ ಇಳಿದಿರುತ್ತದೆ. ಎರೆ ಮಣ್ಣು ಒದ್ದೆಯಾಗಿ ಒಂದೇ ಕಪ್ಪು ಬಣ್ಣಕ್ಕೆ ತಿರುಗಿದಾಗ ಸಾಫ್ಟ್‌ವೇರಿಗೆ ಹೊಂದಿಸಲು ಗುರುತುಗಳೂ ಕಡಿಮೆ ಸಿಗುತ್ತವೆ. ನಮ್ಮ ಕಡೆ ಓವರ್‌ಲ್ಯಾಪ್ 60–65 ಶೇಕಡಾಕ್ಕೆ ಪ್ಲಾನ್ ಮಾಡುವುದು ನನಗೆ ಒಪ್ಪಿಗೆ ಇಲ್ಲ.

ಆದರೆ ಓವರ್‌ಲ್ಯಾಪ್ ಜಾಸ್ತಿ ಮಾಡಿದ ಮಾತ್ರಕ್ಕೆ ತಟ್ಟೆ ನೆಟ್ಟಗಾಗುವುದಿಲ್ಲ. ಅದಕ್ಕೆ ಎರಡನೇ ಸುತ್ತು ಬೇಕು. ಮೊದಲ ಸಾಲುಗಳಿಗೆ ಅಡ್ಡವಾಗಿ, ಕ್ಯಾಮೆರಾವನ್ನು 25 ಡಿಗ್ರಿ ಓರೆ ಮಾಡಿ ಇನ್ನೊಮ್ಮೆ ಹಾರಿಸಿದೆವು. ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ನೋಡಿದಾಗ ಲೆನ್ಸಿನ ತಪ್ಪನ್ನು ಸಾಫ್ಟ್‌ವೇರ್ ಬೇರೆಯಾಗಿ ಗುರುತಿಸುತ್ತದೆ. ಖರ್ಚಾಗುವುದು ಒಂದು ಬ್ಯಾಟರಿ.

ಕಂಟ್ರೋಲಿಗೆ ಎರಡು ಅಡಿ ಶಹಾಬಾದ್ ಫರ್ಸಿಗೆ ಕಪ್ಪು ಬಿಳಿ ಬಣ್ಣ ಹಚ್ಚಿದ್ದೆವು. 60 ಮೀಟರಿನಿಂದ ಅದು ಸುಮಾರು 37 ಪಿಕ್ಸೆಲ್ ಅಗಲ ಕಾಣುತ್ತದೆ, ನಡು ಒತ್ತಲು ಕಷ್ಟವಿಲ್ಲ. ಬಿರುಕು ಬಿಟ್ಟ ಎರೆಯಲ್ಲಿ ಗೂಟ ಹೊಡೆದರೆ ಮಣ್ಣು ಉಬ್ಬಿ ಕುಗ್ಗುವಾಗ ಅದೂ ಅಲ್ಲಾಡುತ್ತದೆ. ಹಾಗಾಗಿ ರೋಲರ್ ಹೊಡೆದ ಮುರುಮ್ ಮೇಲೆಯೇ ಫರ್ಸಿ ಕೂರಿಸಿದೆವು. ಮೂಲೆಯವನ್ನು ಗಡಿಯಿಂದ ಸ್ವಲ್ಪ ಒಳಗೆ ತಂದು, ಹಾರಾಟವನ್ನು ಗಡಿಯಾಚೆ ಒಂದು ಸಾಲು ಬೆಳೆಸಿದೆವು. ಇಲ್ಲದಿದ್ದರೆ ಅವು ಎರಡು ಮೂರು ಫೋಟೋದಲ್ಲಷ್ಟೇ ಸಿಗುತ್ತವೆ. ಐದನೆಯದು ನಟ್ಟ ನಡುವೆ. ಇವುಗಳ ನಡುವಿನ ಖಾಲಿ ಜಾಗದಲ್ಲಿ ಇನ್ನೂ ನಾಲ್ಕು ಫರ್ಸಿ, ಚೆಕ್‌ಗೆ ಮಾತ್ರ. ಅಡ್ಡ ಅಳತೆ ಜಿಪಿಎಸ್ ರೋವರ್‌ನಿಂದ, ಎತ್ತರ ಆಟೋ ಲೆವೆಲ್‌ನಿಂದ. ರೋವರ್ ಎತ್ತರದಲ್ಲಿ 2–3 ಸೆಂಟಿಮೀಟರ್ ಆಚೀಚೆ ಆಗುವುದು ಸಾಮಾನ್ಯ, ವಾಲ್ಯೂಮ್ ಜಗಳಕ್ಕೆ ಅದು ಸಾಲದು.

ಫೋಟೋಗಳಿಂದ ಮೇಲ್ಮೈ ಕಟ್ಟುವ Metashape ಸಾಫ್ಟ್‌ವೇರಿನಲ್ಲಿ ಆ ನಾಲ್ಕು ಚೆಕ್ ಫರ್ಸಿಗಳ ಟಿಕ್ ತೆಗೆದು ಪ್ರೊಸೆಸ್ ಮಾಡಿದೆ. ಟಿಕ್ ಇಲ್ಲದ ಮಾರ್ಕರ್ ಹೊಂದಾಣಿಕೆಗೆ ಸೇರುವುದಿಲ್ಲ, ಅದರ ಎರರ್ ಮಾತ್ರ ಬೇರೆಯಾಗಿ ತೋರಿಸುತ್ತದೆ. ನಾಲ್ಕೂ 3 ಸೆಂಟಿಮೀಟರ್ ಒಳಗೆ ಬಂದವು, ಒಂದು ಪ್ಲಸ್ ಇದ್ದರೆ ಇನ್ನೊಂದು ಮೈನಸ್. ಎಲ್ಲಾ ಒಂದೇ ಕಡೆಗೆ ವಾಲಿದ್ದರೆ ಸಂಖ್ಯೆ ಸಣ್ಣದಿದ್ದರೂ ನಾನು ಒಪ್ಪುತ್ತಿರಲಿಲ್ಲ, ಯಾಕೆಂದರೆ 24,000 ಚದರ ಮೀಟರಿನಲ್ಲಿ 3 ಸೆಂಟಿಮೀಟರ್ ವಾಲಿದರೂ 720 ಘನ ಮೀಟರ್ ಆಗುತ್ತದೆ.

ವಾಲ್ಯೂಮ್ ಬಿಲ್ಲಿನ ಹತ್ತಿರಕ್ಕೆ ಬಂತು, ದುಡ್ಡು ಬಿಡುಗಡೆ ಆಯಿತು. ಗುತ್ತಿಗೆದಾರನಿಗೆ ಯಾರೂ ಸಾರಿ ಅನ್ನಲಿಲ್ಲ. ಆ ಮ್ಯಾನೇಜರಿಗೆ ನಾನು ಫೋನ್ ಮಾಡಿ ಒಂದು ಮಾತು ಹೇಳಿ ಬಿಡಿ ಸರ್ ಅಂದೆ, "ರಿಪೋರ್ಟ್ ನಮ್ದಲ್ಲ" ಅಂತ ಇಟ್ಟರು. ಅದೇ ಆಫೀಸಿನಿಂದ ಮೊನ್ನೆ ಇನ್ನೊಂದು ಸೈಟಿಗೆ ಕೊಟೇಶನ್ ಕೇಳಿದ್ದಾರೆ, ಚೆಕ್ ಪಾಯಿಂಟ್ ಬಿಟ್ಟು ರೇಟ್ ಕಡಿಮೆ ಮಾಡಿ ಅಂತ. ಚೆಕ್ ಪಾಯಿಂಟ್ ಸೇರಿಸಿಯೇ ಕಳಿಸಿದ್ದೇನೆ.