ಅಪ್ಪ ಹೊರಟರು, ಅರಬ್ಬಿಯಲ್ಲಿ ‘ಹೊರಟ’: ಹನ್ನೊಂದನೇ ವಾರದ ಲೆಕ್ಕ

ಶನಿವಾರ

ಈ ವಾರ ಹೊಸ ಪಾಠ ಓದಲಿಲ್ಲ. ಹಳೆಯ ತಪ್ಪುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತಿದ್ದೆ. ದಿನಕ್ಕೆ ಆರು ಸಾಲು ಅರಬ್ಬಿಯಲ್ಲಿ ದಿನಚರಿ ಬರೆಯುತ್ತೇನೆ. ಶನಿವಾರ ಅದನ್ನು ಆನ್‌ಲೈನ್‌ನಲ್ಲಿ ಟೀಚರ್‌ಗೆ ತೋರಿಸಿ ತಿದ್ದಿಸಿಕೊಳ್ಳುತ್ತೇನೆ. ಹತ್ತು ವಾರದ ಕೆಂಪು ಗೆರೆಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ಇಲ್ಲವೇ ಇಲ್ಲ ಅನ್ನುವಂಥ ಕಡೆ ನಾನು ಅಷ್ಟಾಗಿ ಎಡವಿಲ್ಲ. ಕನ್ನಡದಲ್ಲೂ ಇದೆ, ಆದರೆ ಬೇರೆ ಥರ ಇದೆ ಅನ್ನುವ ಕಡೆಯೇ ಜಾಸ್ತಿ ಬಿದ್ದಿದ್ದೇನೆ.

ಅರಬ್ಬಿ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಕೆಲವು ಗಂಟಲಿನ ಸದ್ದುಗಳು ಇದರಲ್ಲಿ ಸಿಗುವುದಿಲ್ಲ, ಹೊಂದಿಸಿಕೊಳ್ಳಿ.

ಮೊದಲ ಕೆಂಪು ಗೆರೆ ಅಪ್ಪನ ಮೇಲೆ. ‘ಅಪ್ಪ ಮನೆಯಿಂದ ಹೊರಟರು’ ಅಂತ ಬರೆಯಬೇಕಿತ್ತು. ‘ಅಬೀ ಖರಜೂ ಮಿನಲ್ ಬೈತಿ’ ಎಂದು ಬರೆದಿದ್ದೆ. ಖರಜ ಅಂದರೆ ಹೊರಟ, ಖರಜೂ ಅಂದರೆ ಹೊರಟರು. ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: ‘ನಿನಗೆ ಎಷ್ಟು ಜನ ಅಪ್ಪಂದಿರು?’

ನನ್ನ ‘ಹೊರಟರು’ ಮರ್ಯಾದೆಯದು, ಲೆಕ್ಕದ್ದಲ್ಲ. ಅರಬ್ಬಿಯ ‘ಊ’ ಪ್ರತ್ಯಯ ಬರೀ ಲೆಕ್ಕದ್ದು, ಮೂರು ಅಥವಾ ಅದಕ್ಕಿಂತ ಹೆಚ್ಚು ಜನರಿಗೆ. ಇಬ್ಬರಿಗೆ ಬೇರೆಯದೇ ರೂಪ ಇದೆ, ಖರಜಾ. ಅಪ್ಪನಿಗೆ ‘ಖರಜ’, ಅಮ್ಮನಿಗೆ ‘ಖರಜತ್’. ಕನ್ನಡದಲ್ಲಿ ಹೇಳಿದರೆ ಅಪ್ಪ ಹೊರಟ, ಅಮ್ಮ ಹೊರಟಳು. ಮನೆಯಲ್ಲಿ ‘ಅಮ್ಮ ಬಂದ್ಲು’ ಎಂದೇ ಮಾತಾಡಿ ಬೆಳೆದವರಿಗೆ ಈ ತಪ್ಪು ಆಗಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಹಾಗಂದರೆ ಅಜ್ಜಿ ಬೆನ್ನಿಗೆ ಒಂದು ಕೊಡುತ್ತಿದ್ದರು.

ಟೀಚರ್ ವಿಷಯದಲ್ಲೂ ಅದೇ ಎಡವಟ್ಟು. ‘ನೀವು ಬರೆದಿರಿ’ ಅನ್ನುವುದಕ್ಕೆ ‘ಅಂತುಮ್ ಕತಬ್ತುಮ್’ ಎಂದಿದ್ದೆ. ಔಪಚಾರಿಕ ಪತ್ರಗಳಲ್ಲಿ ಒಬ್ಬರಿಗೇ ಬಹುವಚನ ಬಳಸುವುದುಂಟು, ಆದರೆ ಮಾತಿನಲ್ಲಿ ಎದುರಿಗಿರುವ ಒಬ್ಬ ಹೆಂಗಸಿಗೆ ‘ಅಂತಿ ಕತಬ್ತಿ’ ಅನ್ನಬೇಕು. ಗಂಡಸಾದರೆ ‘ಅಂತ ಕತಬ್ತ’. ನಮ್ಮ ‘ನೀನು’ವಿಗೆ ಗಂಡು ಹೆಣ್ಣು ಇಲ್ಲ, ‘ನೀನು ಬರೆದೆ’ ಇಬ್ಬರಿಗೂ ಒಂದೇ. ಅರಬ್ಬಿಯಲ್ಲಿ ಬಾಯಿ ಬಿಡುವ ಮೊದಲೇ ಎದುರಿಗೆ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. ಮರ್ಯಾದೆ ಕೊಡಲೇಬೇಕು ಅಂದರೆ ಕ್ರಿಯಾಪದದಲ್ಲಿ ಅಲ್ಲ, ‘ಹದ್ರತುಕಿ’ ಎಂಬ ಪದ ಹಾಕಬಹುದಂತೆ. ನಮ್ಮ ‘ಹಜರತ್’ ಇದೆಯಲ್ಲ, ಅದೇ ಪದ.

ಸೋಮವಾರ

ಅಪ್ಪನ ಪಾಠ ಕಲಿತ ಮೇಲೆ ‘ಊ’ ಪ್ರತ್ಯಯವನ್ನು ಬಹುವಚನಕ್ಕೆ ಮಾತ್ರ ಹಾಕತೊಡಗಿದೆ. ‘ಮಕ್ಕಳು ಪಾಠ ಬರೆದರು’ ಎಂಬುದಕ್ಕೆ ಧೈರ್ಯವಾಗಿ ‘ಕತಬೂ ಅಲ್ ಔಲಾದು ಅದ್ದರ್ಸ’ ಎಂದು ಬರೆದೆ. ಮತ್ತೆ ಕೆಂಪು!

ಇಲ್ಲಿ ಬಹುಜನ ಇದ್ದಾರೆ, ಆದರೂ ತಪ್ಪು. ಕಾರಣ ಪದಗಳ ಜಾಗ. ಅರಬ್ಬಿಯಲ್ಲಿ ಕ್ರಿಯಾಪದ ಮುಂದೆ ಬಂದು ಕರ್ತೃ ಹಿಂದೆ ಬಂದರೆ ಕ್ರಿಯಾಪದ ಏಕವಚನದಲ್ಲೇ ನಿಲ್ಲುತ್ತದೆ: ‘ಕತಬ ಅಲ್ ಔಲಾದು’. ಮಕ್ಕಳನ್ನು ಮುಂದೆ ತಂದರೆ ಆಗ ‘ಅಲ್ ಔಲಾದು ಕತಬೂ’. ಟೀಚರ್ ಇದನ್ನು ಹೀಗೆ ವಿವರಿಸಿದರು: ‘ಕತಬೂ’ ಪದದೊಳಗೆ ‘ಅವರು’ ಈಗಾಗಲೇ ಕೂತಿದ್ದಾರೆ. ಅದರ ಹಿಂದೆ ಮತ್ತೆ ‘ಮಕ್ಕಳು’ ಎಂದರೆ ಒಂದು ಕೆಲಸಕ್ಕೆ ಎರಡು ಕರ್ತೃ ಆಗುತ್ತದೆ. ಕನ್ನಡದಲ್ಲಿ ಪದ ಎಲ್ಲಿ ಕೂತರೂ ‘ಬರೆದರು’ ಬದಲಾಗುವುದಿಲ್ಲ. ‘ಬರೆದರು ಮಕ್ಕಳು’ ಎಂದರೂ ಸರಿ. ಹಾಗಾಗಿ ಜಾಗ ನೋಡಿ ಪ್ರತ್ಯಯ ಹಾಕುವ ಅಭ್ಯಾಸ ನನಗೆ ಇಲ್ಲವೇ ಇಲ್ಲ. ಲಿಂಗಕ್ಕೆ ಈ ರಿಯಾಯಿತಿ ಇಲ್ಲ. ‘ಹುಡುಗಿ ಬರೆದಳು’ ಅನ್ನುವಾಗ ಕ್ರಿಯಾಪದ ಮುಂದೆ ಬಂದರೂ ‘ಕತಬತ್’ ಎಂದೇ ಹೇಳಬೇಕು.

ಇನ್ನೊಂದು ಸಂಕಟ ಕಿವಿಯದು. ಕನ್ನಡದವರು ಯಾರು ಮಾಡಿದ್ದು ಎಂದು ತಿಳಿಯಲು ಕ್ರಿಯಾಪದದ ಕೊನೆಗೆ ಕಾಯುತ್ತೇವೆ. ಬರೆಯುತ್ತೇನೆ, ಬರೆಯುತ್ತಾನೆ, ಬರೆಯುತ್ತಾಳೆ, ಎಲ್ಲ ಸುದ್ದಿಯೂ ಬಾಲದಲ್ಲಿ. ಅರಬ್ಬಿಯ ಭೂತಕಾಲವೂ ಹಾಗೇ, ಅದಕ್ಕೇ ಬೇಗ ಹಿಡಿಸಿತು. ವರ್ತಮಾನಕ್ಕೆ ಬಂದರೆ ಅಕ್ತುಬು, ನಕ್ತುಬು, ಯಕ್ತುಬು, ತಕ್ತುಬು. ನಾನು, ನಾವು, ಅವನು, ಅವಳು. ಕೊನೆ ನಾಲ್ಕಕ್ಕೂ ಒಂದೇ, ಸುದ್ದಿ ತಲೆಯಲ್ಲಿದೆ. ನಾನು ಕಿವಿ ನೆಟ್ಟುಕೊಳ್ಳುವ ಹೊತ್ತಿಗೆ ಅದು ದಾಟಿ ಹೋಗಿರುತ್ತದೆ. ಸಾಲದ್ದಕ್ಕೆ ‘ತಕ್ತುಬು’ ಅಂದರೆ ‘ಅವಳು ಬರೆಯುತ್ತಾಳೆ’ ಕೂಡ ಹೌದು, ಗಂಡಸಿಗೆ ಹೇಳುವ ‘ನೀನು ಬರೆಯುತ್ತೀಯ’ ಕೂಡ ಹೌದು. ಹೆಂಗಸಿಗೆ ಹೇಳುವಾಗ ಮಾತ್ರ ‘ತಕ್ತುಬೀನ’ ಎಂದು ಬಾಲವೂ ಸೇರುತ್ತದೆ.

ಈಗ ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ ರೆಕಾರ್ಡಿಂಗ್ ಕೇಳಿ, ಮೊದಲ ಅಕ್ಷರ ಮಾತ್ರ ಬರೆದುಕೊಳ್ಳುತ್ತಿದ್ದೇನೆ. ಅ, ನ, ಯ, ತ. ಅಷ್ಟೇ.

(ಸುಮ್ನೆ ಒಂದು ಮಾತು. ಖರಜ ಅಂದರೆ ಹೊರಟ, ನಮ್ಮ ‘ಖರ್ಚು’ ಅದೇ ಬೇರಿನದು. ದಖಲ ಅಂದರೆ ಒಳಗೆ ಬಂದ, ಅದರಿಂದ ‘ದಾಖಲು’. ವಸಲ ಅಂದರೆ ತಲುಪಿತು, ಅದರಿಂದ ‘ವಸೂಲಿ’. ಪದಗಳ ಮಟ್ಟಿಗೆ ನಮ್ಮ ಕಂದಾಯ ಕಚೇರಿಯೇ ಅರ್ಧ ಅರಬ್ಬಿ ಕಲಿಸಿಬಿಟ್ಟಿದೆ.)

ಬುಧವಾರ

ಲಿಂಗದ ಪುಟ. ನಮಗೆ ಇದು ಅರ್ಥದ ವಿಷಯ. ಗಂಡಸಾದರೆ ಅವನು, ಹೆಂಗಸಾದರೆ ಅವಳು, ಉಳಿದದ್ದು ಅದು. ಅರಬ್ಬಿಯಲ್ಲಿ ‘ಅದು’ ಇಲ್ಲ. ಬಾಗಿಲು, ಕಲ್ಲು, ಕಾಫಿ ಎಲ್ಲವೂ ಅವನು ಅಥವಾ ಅವಳು. ಕೊನೆಯಲ್ಲಿ ‘ಅ’ ಎಂದು ಕೇಳುವ ತಾ ಮರ್ಬೂತಾ ಎಂಬ ಅಕ್ಷರ ಇದ್ದರೆ ಸಾಮಾನ್ಯವಾಗಿ ಹೆಣ್ಣು. ಆದರೆ ‘ಖಲೀಫ’ ಪದದಲ್ಲಿ ಅದು ಇದ್ದರೂ ಗಂಡು. ಕೈ, ಕಣ್ಣು, ಕಾಲು, ಕಿವಿಯ ಪದಗಳಲ್ಲಿ ಅದು ಇಲ್ಲದಿದ್ದರೂ ಹೆಣ್ಣು.

ನಾನು ಮುಗ್ಗರಿಸಿದ್ದು ಸೂರ್ಯನಲ್ಲಿ. ‘ಅಶ್ಶಮ್ಸು ಗರಬ’ ಎಂದು ಬರೆದಿದ್ದೆ, ಸೂರ್ಯ ಮುಳುಗಿದ. ಸರಿಯಾದದ್ದು ‘ಅಶ್ಶಮ್ಸು ಗರಬತ್’, ಮುಳುಗಿದಳು. ಅರಬ್ಬಿಯಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ನನ್ನ ತಲೆಯಲ್ಲಿ ಸೂರ್ಯನಿಗೆ ಮೀಸೆ ಇದೆ, ಏನು ಮಾಡಲಿ!

ಮಗುವಿನದೂ ಕಷ್ಟವೇ. ‘ಮಗು ಬಂತು’ ಎಂದು ನಾವು ಆರಾಮಾಗಿ ಹೇಳುತ್ತೇವೆ. ಅರಬ್ಬಿಯಲ್ಲಿ ಗಂಡು ಮಗುವೋ ಹೆಣ್ಣು ಮಗುವೋ ತೀರ್ಮಾನ ಆಗಬೇಕು: ತಿಫ್ಲ್ ಅಥವಾ ತಿಫ್ಲ.

ಆದರೆ ಬಹುವಚನಕ್ಕೆ ಬಂದಾಗ ಒಂದು ಖುಷಿ ಕಾದಿತ್ತು. ಮಕ್ಕಳು ಬಂದರು, ನಾಯಿಗಳು ಬಂದವು, ಪುಸ್ತಕಗಳು ಬಂದವು. ಮನುಷ್ಯರನ್ನೂ ಉಳಿದದ್ದನ್ನೂ ಕನ್ನಡ ಬೇರೆ ಮಾಡುತ್ತದೆ. ಅರಬ್ಬಿಯೂ ಬಹುವಚನದಲ್ಲಿ ಥೇಟ್ ಇದನ್ನೇ ಮಾಡುತ್ತದೆ. ಅವರ ವ್ಯಾಕರಣದಲ್ಲಿ ಇದಕ್ಕೆ ‘ಆಕಿಲ್’ ಮತ್ತು ‘ಗೈರು ಆಕಿಲ್’ ಎನ್ನುತ್ತಾರೆ. ಬುದ್ಧಿ ಇರುವವರು, ಇಲ್ಲದವು. ಗೈರುಹಾಜರಿಯ ‘ಗೈರು’ ಇದೇ. ಒಂದೇ ತಿರುವು ಏನೆಂದರೆ, ಬುದ್ಧಿ ಇಲ್ಲದವು ಗುಂಪಾದರೆ ‘ಅವಳು’ ಆಗಿಬಿಡುತ್ತವೆ. ಮಕ್ಕಳು ಒಳಗೆ ಬಂದರು, ‘ಅಲ್ ಔಲಾದು ದಖಲೂ’. ನಾಯಿಗಳು ಒಳಗೆ ಬಂದವು, ‘ಅಲ್ ಕಿಲಾಬು ದಖಲತ್’. ಪುಸ್ತಕಗಳು ತಲುಪಿದವು, ‘ಅಲ್ ಕುತುಬು ವಸಲತ್’. ನಾನು ‘ವಸಲೂ’ ಎಂದು ಬರೆದು ಪುಸ್ತಕಗಳಿಗೆ ಕಾಲು ಬರಿಸಿದ್ದೆ.

ಇದಕ್ಕೆ ನನ್ನ ಉಪಾಯ: ಆಡುಮಾತಿನಲ್ಲಿ ನಾವು ‘ಪುಸ್ತಕಗಳು ಬಂತು’ ಅನ್ನುತ್ತೇವೆ ಅಲ್ವಾ? ಕನ್ನಡದಲ್ಲಿ ಎಲ್ಲಿ ‘ಬಂತು’ ನಡೆಯುತ್ತದೋ ಆ ಬಹುವಚನಕ್ಕೆ ಅರಬ್ಬಿಯಲ್ಲಿ ‘ಅತ್’ ಹಾಕು. ಈವರೆಗೆ ಕೈಕೊಟ್ಟಿಲ್ಲ.

ಶನಿವಾರ, ಮತ್ತೆ

ವಿಭಕ್ತಿಯಲ್ಲಿ ನಾನು ಗಟ್ಟಿ ಅಂದುಕೊಂಡಿದ್ದೆ, ಏಕೆಂದರೆ ಅಲ್ಲಿ ಕೆಂಪು ಗೆರೆಗಳೇ ಕಡಿಮೆ. ಕಾರಣ ಇವತ್ತು ಗೊತ್ತಾಯಿತು. ಅರಬ್ಬಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಕತಬ್ತು, ಕತಬ್ತ, ಕತಬ್ತಿ, ಕತಬತ್ ನಾಲ್ಕೂ ಕಾಗದದ ಮೇಲೆ ಅದೇ ನಾಲ್ಕು ಅಕ್ಷರ. ವಿಭಕ್ತಿಯ ಉ, ಅ, ಇ ಕೂಡ ಕಾಣುವುದಿಲ್ಲ. ನನ್ನ ತಪ್ಪುಗಳು ಅಡಗಿ ಕೂತಿದ್ದವು. ಇವತ್ತು ಟೀಚರ್ ‘ಪ್ರತ್ಯಯ ಬಿಡದೆ ಗಟ್ಟಿಯಾಗಿ ಓದು’ ಅಂದರು, ಎಲ್ಲ ಹೊರಗೆ ಬಿತ್ತು.

ಸಾಲು ಇದು: ‘ದೊಡ್ಡ ಮನೆಯಲ್ಲಿ ಕಾಫಿ ಕುಡಿದೆ’. ನಾನು ಓದಿದ್ದು ‘ಶರಿಬ್ತು ಕಹ್ವ ಫಿಲ್ ಬೈತಿ ಕಬೀರ್’. ಓದಬೇಕಾದದ್ದು ‘ಶರಿಬ್ತು ಕಹ್ವತನ್ ಫಿಲ್ ಬೈತಿಲ್ ಕಬೀರಿ’.

‘ಕುಡಿದೆ’ ಸರಿ ಇದೆ. ‘ನಾನು’ವಿನಲ್ಲಿ ಅವರಿಗೂ ಗಂಡು ಹೆಣ್ಣಿನ ಭೇದವಿಲ್ಲ, ಬದುಕಿದೆ. ಕಾಫಿಗೆ ‘ಅನ್’ ಬಿಟ್ಟಿದ್ದೆ. ನಾವು ‘ಕಾಫಿಯನ್ನು ಕುಡಿದೆ’ ಎನ್ನುವುದಿಲ್ಲ, ಕಾಫಿ ಕುಡಿದೆ ಅಷ್ಟೇ. ನಿರ್ಜೀವ ವಸ್ತುವಿಗೆ ದ್ವಿತೀಯಾ ಪ್ರತ್ಯಯ ಬಿಡುವುದು ನಮ್ಮ ನಾಲಿಗೆಗೆ ಸಹಜ. ಅರಬ್ಬಿ ಓದುವಾಗ ಅದನ್ನು ಬಿಡುವ ಹಾಗಿಲ್ಲ.

ಮನೆ ಸರಿಯಾಗಿದೆ. ಮನೆಗೆ ‘ಇಲಲ್ ಬೈತಿ’, ಮನೆಯಲ್ಲಿ ‘ಫಿಲ್ ಬೈತಿ’, ಮನೆಯಿಂದ ‘ಮಿನಲ್ ಬೈತಿ’. ನಾವು ಬಾಲದಲ್ಲಿ ಮಾಡುವ ವ್ಯತ್ಯಾಸವನ್ನು ಅವರು ಮನೆಗಿಂತ ಮೊದಲು ಬರುವ ಪದದಲ್ಲಿ ಮಾಡುತ್ತಾರೆ, ಬಾಲ ಮೂರಕ್ಕೂ ‘ಇ’. ಏಳು ವಿಭಕ್ತಿ ಬಾಯಿಪಾಠ ಮಾಡಿದವರಿಗೆ ಅರಬ್ಬಿಯ ಮೂರು ವಿಭಕ್ತಿ ಯಾವ ಲೆಕ್ಕ.

ಕೆಟ್ಟಿದ್ದು ‘ದೊಡ್ಡ’. ನಮ್ಮಲ್ಲಿ ದೊಡ್ಡ ಮನೆ, ದೊಡ್ಡ ಮನೆಗೆ, ದೊಡ್ಡ ಮನೆಯಿಂದ, ‘ದೊಡ್ಡ’ ಅಲ್ಲಾಡುವುದೇ ಇಲ್ಲ. ಅರಬ್ಬಿಯಲ್ಲಿ ವಿಶೇಷಣ ನಾಮಪದದ ಹಿಂದೆ ನೆರಳಿನಂತೆ ಬರುತ್ತದೆ. ‘ಅಲ್’ ಅಂದರೆ ಇಂಗ್ಲಿಷಿನ ‘ದಿ’ ಇದ್ದ ಹಾಗೆ; ಮನೆಗೆ ‘ಅಲ್’ ಇದ್ದರೆ ಅದಕ್ಕೂ ‘ಅಲ್’, ಮನೆಗೆ ‘ಇ’ ಇದ್ದರೆ ಅದಕ್ಕೂ ‘ಇ’, ಮನೆ ಗಂಡಾದರೆ ಅದೂ ಗಂಡು. ನಾನು ‘ಅಲ್’ ಬಿಟ್ಟಿದ್ದರಿಂದ ‘ಮನೆಯಲ್ಲಿ ಒಬ್ಬ ದೊಡ್ಡವನಿದ್ದಾನೆ’ ಎಂಬಂತೆ ಕೇಳಿಸಿತಂತೆ. ‘ಯಾರವನು?’ ಎಂದು ಟೀಚರ್ ನಕ್ಕರು. ‘ಅಲ್ ಬೈತು ಕಬೀರುನ್’ ಅಂದರೆ ಮನೆ ದೊಡ್ಡದು. ‘ಅಲ್ ಬೈತುಲ್ ಕಬೀರು’ ಅಂದರೆ ದೊಡ್ಡ ಮನೆ. ನಮ್ಮ ‘ದೊಡ್ಡದು’ ಮತ್ತು ‘ದೊಡ್ಡ’ ನಡುವಿನ ‘ದು’ ಮಾಡುವ ಕೆಲಸವನ್ನು ಅಲ್ಲಿ ‘ಅಲ್’ ಇಲ್ಲದಿರುವುದು ಮಾಡುತ್ತದೆ.

ದುಬೈನಲ್ಲಿರುವ ಭಾವನಿಗೆ ಈ ಸಾಲು ಓದಿ ಹೇಳಿದೆ. ‘ಇಷ್ಟು ಬಾಲ ಹಚ್ಚಿ ಇಲ್ಲಿ ಯಾರೂ ಮಾತಾಡಲ್ಲ ಮಾರಾಯ’ ಅಂದರು. ನಿಜ, ಆಡುಮಾತಿನಲ್ಲಿ ವಿಭಕ್ತಿಯ ಉ, ಅ, ಇ ಉದುರಿ ಹೋಗಿವೆ. ಓದುವಾಗಲೂ ವಾಕ್ಯದ ಕೊನೆಯಲ್ಲಿ ನಿಂತರೆ ಕೊನೆಯ ಸ್ವರ ಬೀಳುತ್ತದೆ. ಆದರೆ ಗಂಡು ಹೆಣ್ಣಿನ ಭೇದ, ಕ್ರಿಯಾಪದದ ರೂಪ ಆಡುಮಾತಿನಲ್ಲೂ ಉಳಿದಿವೆ. ಅದಕ್ಕೇ ಮುಂದಿನ ತಿಂಗಳ ಸಮಯದಲ್ಲಿ ಹೆಚ್ಚು ಪಾಲು ಅವಕ್ಕೆ, ವಿಭಕ್ತಿಗೆ ಶನಿವಾರದ ಗಟ್ಟಿ ಓದು ಮಾತ್ರ ಎಂದು ಗೆರೆ ಎಳೆದಿದ್ದೇನೆ.

ಇವತ್ತಿನ ದಿನಚರಿಯ ಮೊದಲ ಸಾಲು: ‘ಖರಜ ಅಬೀ, ವ ಖರಜತ್ ಉಮ್ಮೀ.’ ಅಪ್ಪ ಹೊರಟ, ಅಮ್ಮ ಹೊರಟಳು. ಬರೆಯುವಾಗ ಈಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ.