ನಿಮಿಷಕ್ಕೊಂದು ಹನಿ

ಕಲಬುರಗಿ, 22 ಏಪ್ರಿಲ್ 2025, ಮಂಗಳವಾರ

ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮೂರರ ಹೊತ್ತಿಗೆ ಆ ಇನ್ನೋವಾ ಬಂದು ನಮ್ಮ ಗ್ಯಾರೇಜ್ ಮುಂದಿನ ಬೇವಿನ ನೆರಳಿಗೆ ನಿಂತಿತು. 2012ರ ಮಾಡೆಲ್, 2.5 ಡೀಸೆಲ್, ಮೀಟರ್ ಮೇಲೆ 4,86,000. ಹೈದರಾಬಾದ್, ಸೊಲ್ಲಾಪುರ, ಹುಣ್ಣಿಮೆ ಬಂದರೆ ಗಾಣಗಾಪುರ: ತಿಂಗಳಿಗೆ 5,000 ಕಿಲೋಮೀಟರ್ ಓಡುವ ಟ್ಯಾಕ್ಸಿ. ಡ್ರೈವರ್ ಇಳಿದವನೇ ಕೇಳಿದ:

“ಕಾಕಾ, ಹೈ ಮೈಲೇಜ್ ಆಯಿಲ್ ಅಂತ ಬಂದದಂತ. ನನ್ನ ಗಾಡಿಗಿ ನಡೀತದೇನ್ರಿ? ಲೀಟರಿಗಿ ಎಷ್ಟು ಜಾಸ್ತಿ ಕೊಡ್ತದ?”

ಪ್ರಶ್ನೆ ಒಂದೇ ಅನಿಸಿದರೂ ಒಳಗೆ ಎರಡಿವೆ. ನಮ್ಮ ಕಡೆ ಮೈಲೇಜ್ ಅಂದರೆ ಎವರೇಜ್, ಅಂದರೆ ಲೀಟರಿಗೆ ಎಷ್ಟು ಓಡಿತು ಅನ್ನುವ ಲೆಕ್ಕ. ಡಬ್ಬಿ ಮೇಲಿನ ಮೈಲೇಜ್ ಅಂದರೆ ಇಂಜಿನ್ ಇಲ್ಲಿತನಕ ಎಷ್ಟು ಓಡಿದೆ ಅನ್ನುವುದು. ಈ ಆಯಿಲ್ ಹಾಕಿದರೆ ಡೀಸೆಲ್ ಉಳಿಯುವುದಿಲ್ಲ. ಅದೇ ಗ್ರೇಡಿನೊಳಗೆ ಇದನ್ನು ಸಾಮಾನ್ಯವಾಗಿ ಸ್ವಲ್ಪ ದಪ್ಪದ ಕಡೆಗೇ ಮಾಡಿರುತ್ತಾರೆ. ಹಾಗಾಗಿ ಎವರೇಜ್ ಒಂದು ಕೂದಲೆಳೆ ಇಳಿದರೂ ಇಳಿಯಬಹುದು. ಇದನ್ನು ಹೇಳಿದ ಕೂಡಲೇ ಅವನ ಅರ್ಧ ಉತ್ಸಾಹ ಇಳಿಯಿತು.

“ಮತ್ತ ಅದ್ರಾಗ ಏನದರೀ ಅಂಥಾದ್ದು?”

ಮುಖ್ಯವಾಗಿ ಇರುವುದು ರಬ್ಬರಿನ ಔಷಧಿ. ಇಂಜಿನ್‌ನ ಆಯಿಲ್ ಸೀಲುಗಳು ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಗಟ್ಟಿಯಾಗುತ್ತವೆ, ಸ್ವಲ್ಪ ಕುಗ್ಗುತ್ತವೆ. ಆಗ ಶಾಫ್ಟಿಗೆ ಅಪ್ಪಿಕೊಂಡಿರಬೇಕಾದ ಅಂಚು ಸಡಿಲಾಗಿ ಎಣ್ಣೆ ಜಿನುಗುತ್ತದೆ. ಹೈ ಮೈಲೇಜ್ ಆಯಿಲ್‌ಗೆ ಬೆರೆಸುವ ಕೆಲವು ರಾಸಾಯನಿಕಗಳು ಈ ರಬ್ಬರಿನೊಳಗೆ ನಿಧಾನವಾಗಿ ಇಳಿದು ಅದನ್ನು ಮೆತ್ತಗೆ ಮಾಡಿ ತುಸು ಉಬ್ಬಿಸುತ್ತವೆ. ಹಾಕಿದ ದಿನವೇ ಫಲ ಕಾಣುವುದಿಲ್ಲ, ಸಾವಿರ ಎರಡು ಸಾವಿರ ಕಿಲೋಮೀಟರ್ ಓಡಬೇಕು. ಅಂಚು ಹರಿದ ಸೀಲು, ಸೀಲು ಉಜ್ಜಿ ಉಜ್ಜಿ ಗೆರೆ ಬಿದ್ದ ಶಾಫ್ಟು, ಪೇಸ್ಟ್ ಹಚ್ಚಿ ಕೂಡಿಸಿದ ಸಂಪಿನ, ಅಂದರೆ ಅಡಿಯ ಎಣ್ಣೆ ತೊಟ್ಟಿಯ ಅಂಚು, ಇವಕ್ಕೆಲ್ಲ ಅದು ಏನೂ ಮಾಡದು. ಸವೆದ ಪಿಸ್ಟನ್ ರಿಂಗು, ಸವೆದ ಬೇರಿಂಗ್ ಅಂತೂ ರಬ್ಬರೇ ಅಲ್ಲ.

ಡಬ್ಬಿಗಳ ಮೇಲೆ 75,000 ಮೈಲು ದಾಟಿದ ಗಾಡಿಗೆ ಅಂತ ಬರೆದಿರುತ್ತಾರೆ, ಅಂದರೆ ಸುಮಾರು 1,20,000 ಕಿಲೋಮೀಟರ್. ಟ್ಯಾಕ್ಸಿಗೆ ಈ ಲೆಕ್ಕ ಹೊಂದುವುದಿಲ್ಲ. ಇವನ ಗಾಡಿ ಅಷ್ಟು ದೂರವನ್ನು ಎರಡೇ ವರ್ಷದಲ್ಲಿ ಓಡುತ್ತದೆ, ಎರಡು ವರ್ಷಕ್ಕೆ ರಬ್ಬರ್ ಮುದುಕಾಗುವುದಿಲ್ಲ. ದಿನಾ ಮನೆಯಿಂದ ಬಜಾರಿಗೆ ಹೋಗಿ ತಣ್ಣಗಾಗುವ ಗಾಡಿಯ ರಿಂಗು ಒಂದೂವರೆ ಲಕ್ಷಕ್ಕೇ ಸೋತಿರಬಹುದು. ಹೈವೇ ಹಿಡಿದು ಬಿಸಿಯಾಗಿಯೇ ಓಡುವ ಟ್ಯಾಕ್ಸಿಯ ರಿಂಗು ನಾಲ್ಕು ಲಕ್ಷಕ್ಕೂ ಗಟ್ಟಿ ಇರಬಹುದು. ರಬ್ಬರ್ ಮಾತ್ರ ಕಿಲೋಮೀಟರ್ ಎಣಿಸುವುದಿಲ್ಲ, ಶಾಖ ಮತ್ತು ವರ್ಷ ಎಣಿಸುತ್ತದೆ. ಈ ಗಾಡಿಗೆ 13 ವರ್ಷ, ಅದೂ ಕಲಬುರಗಿಯ ಬೇಸಿಗೆಗಳು. ಆ ಲೆಕ್ಕದಲ್ಲಿ ಅವನ ಪ್ರಶ್ನೆ ಸರಿಯಾದ ಪ್ರಶ್ನೆಯೇ.

ಫೋನ್ ತೆಗೆದು ಫೋಟೋ ತೋರಿಸಿದ. ಹೈದರಾಬಾದಿನ ಗೆಳೆಯ ಕೊಡಿಸ್ತೀನಿ ಅಂದ ಡಬ್ಬಿ: ಎಣ್ಣೆಯ ದಪ್ಪ 10ಡಬ್ಲ್ಯೂ-40, ಹಿಂದೆ ಎಪಿಐ ದರ್ಜೆ ಎಸ್ಎನ್/ಸಿಎಫ್. ಬ್ಯಾಡ ತಮ್ಮಾ ಅಂದೆ. ಎಸ್ ಅಕ್ಷರದ್ದು ಪೆಟ್ರೋಲ್ ಇಂಜಿನ್ನಿನ ದರ್ಜೆ. ಡೀಸೆಲ್‌ಗೆ ಸಿ ಅಕ್ಷರ ನೋಡಬೇಕು. ಸಿಎಫ್ ಇದೆಯಲ್ಲ ಅಂದರೆ ಅದು 1994ರ ದರ್ಜೆ, ಪಕ್ಕದ ಸಣ್ಣ ಕೋಣೆಗೆ ಡೀಸೆಲ್ ಸಿಂಪಡಿಸುತ್ತಿದ್ದ ಹಳೇ ಇಂಜಿನ್‌ಗಳ ಕಾಲದ್ದು. ಇವನದು ಟರ್ಬೊ ಇರುವ ಕಾಮನ್ ರೈಲ್, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಕೊಡುವ ಇಂಜಿನ್. ಜೊತೆಗೆ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸುವ ಇಜಿಆರ್ ಬೇರೆ, ಮಸಿ ಜಾಸ್ತಿ. ಆ ಮಸಿಯನ್ನು ಗಂಟು ಕಟ್ಟದಂತೆ ಎಣ್ಣೆಯಲ್ಲಿ ತೇಲಿಸಿ ಇಡಲು ಸಿಐ-4 ಅಥವಾ ಅದಕ್ಕಿಂತ ಮೇಲಿನದ್ದು ಬೇಕು. ಹೈ ಮೈಲೇಜ್ ಅಂತ ಬರುವ ಡಬ್ಬಿಗಳಲ್ಲಿ ಹೆಚ್ಚಿನವು ಪೆಟ್ರೋಲ್ ಕಾರಿಗೆ ಮಾಡಿದವು. ಮುಂದಿನ ದೊಡ್ಡ ಅಕ್ಷರ ಓದುವವರೇ ಎಲ್ಲರೂ, ಹಿಂದಿನ ಸಣ್ಣ ಅಕ್ಷರ ಯಾರಿಗೆ ಬೇಕಾಗಿದೆ!

“ಈಗ ಆಯಿಲ್ ಎಷ್ಟು ಕುಡೀತದ?” ಅಂತ ಕೇಳಿದೆ.

“ತಿಂಗಳಿಗಿ ಎರಡು ಸರ್ತಿ ಅರ್ಧರ್ಧ ಲೀಟರ್ ಹಾಕ್ತೀನ್ರಿ.”

ತಿಂಗಳಿಗೆ 5,000 ಕಿಲೋಮೀಟರಿಗೆ ಒಂದು ಲೀಟರ್, ಅಂದರೆ ಸಾವಿರಕ್ಕೆ 200 ಎಂ.ಎಲ್. ಸಾವಿರಕ್ಕೆ ಒಂದು ಲೀಟರ್ ತನಕ ಸರಿ ಅಂತ ಹಲವು ಕಂಪನಿಗಳ ಪುಸ್ತಕಗಳೇ ಹೇಳುತ್ತವೆ. ಆ ಲೆಕ್ಕಕ್ಕೆ 200 ದೊಡ್ಡದಲ್ಲ. ಆದರೆ ಈ 200 ಹೊರಗೆ ಸೋರಿ ಹೋಗುತ್ತಿದೆಯೋ, ಒಳಗೆ ಉರಿದು ಹೋಗುತ್ತಿದೆಯೋ? ಹೈ ಮೈಲೇಜ್ ಆಯಿಲ್ ಬೇಕೋ ಬ್ಯಾಡೋ ಅನ್ನುವುದು ಅದರ ಮೇಲಿದೆ.

ಗಾಡಿ ಸಮ ನೆಲದಲ್ಲಿ ನಿಲ್ಲಿಸಿ, ಕೆಳಗಿನ ಕವರ್ ಬಿಚ್ಚಿ, ಇಂಜಿನ್ ಬಿಸಿ ಇರುವಾಗಲೇ ಚಾಲೂ ಇಟ್ಟು ಅಡಿಗೆ ರಟ್ಟು ಹಾಸಿದೆವು. ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗೆ ಹತ್ತು ನಿಮಿಷದಲ್ಲಿ ಹತ್ತು ಹನಿ ಬಿತ್ತು. ಅಲ್ಲಿ ಬಿದ್ದರೆ ಮೊದಲ ಗುಮಾನಿ ಹಿಂದಿನ ಕ್ರ್ಯಾಂಕ್ ಸೀಲಿನ ಮೇಲೆ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಇಳಿದು ಬಂದು ಅಲ್ಲೇ ಹನಿಯುವುದೂ ಉಂಟು. ಅದಕ್ಕೇ ಮೇಲೆ ಬಟ್ಟೆ ಒರೆಸಿ ನೋಡಿದೆ, ಒಣಗಿತ್ತು.

ನಿಮಿಷಕ್ಕೆ ಒಂದು ಹನಿ. ಗಂಟೆಗೆ 50ರ ಸರಾಸರಿ ಹಿಡಿದರೆ ಸಾವಿರ ಕಿಲೋಮೀಟರಿಗೆ 20 ಗಂಟೆ, ಅಂದರೆ 1,200 ನಿಮಿಷ, 1,200 ಹನಿ. ಒಂದು ಎಂ.ಎಲ್.ಗೆ 20ರಿಂದ 25 ಹನಿ ಹಿಡಿದರೆ 50ರಿಂದ 60 ಎಂ.ಎಲ್. ಆಯಿತು. ಓಡುವಾಗ ಒಂದಿಷ್ಟು ಜಾಸ್ತಿ ಸೋರುತ್ತದೆ ಅಂದರೂ 200ರಲ್ಲಿ ಅರ್ಧ ಮುಟ್ಟುವುದು ಕಷ್ಟ. ನೆಲದ ಮೇಲಿನ ಕಲೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಎಲ್ಲರೂ ಸೋರಿಕೆಯನ್ನೇ ಬೈಯುತ್ತಾರೆ. ಉಳಿದದ್ದು ಹೊಗೆಯಾಗಿ ಹೋಗುತ್ತಿದೆ. ಅದಕ್ಕೆ ಕಲೆ ಇಲ್ಲ.

ಇನ್ನೊಂದು ನೋಡುವುದಿತ್ತು. ಇಂಜಿನ್ ಚಾಲೂ ಇರುವಾಗ ಆಯಿಲ್ ಹಾಕುವ ಮುಚ್ಚಳ ತಿರುವಿ ತೆಗೆದು, ಬೋರಲು ಮಾಡಿ ಅದೇ ತೂತಿನ ಮೇಲೆ ಇಟ್ಟೆ. ಹಳೇ ಡೀಸೆಲ್‌ನಲ್ಲಿ ಮುಚ್ಚಳ ಸ್ವಲ್ಪ ಅದುರುವುದು ಸಹಜ. ಇದು ಕುಣಿದು ಪಕ್ಕಕ್ಕೆ ಬಿತ್ತು.

“ರಿಂಗ್ ಹೋಗ್ಯಾವೇನ್ರಿ?” ಅವನ ಮುಖ ನೋಡಲಾಗಲಿಲ್ಲ.

ತಡಿ ತಡಿ. ರಿಂಗ್ ಸವೆದರೆ ಉರಿದ ಗಾಳಿ ಕೆಳಗಿಳಿದು ಮುಚ್ಚಳ ಕುಣಿಸುತ್ತದೆ, ನಿಜ. ಆದರೆ ಆ ಗಾಳಿ ಹೊರಹೋಗುವ ಬ್ರೀದರ್ ಪೈಪ್ ಕಟ್ಟಿಕೊಂಡಿದ್ದರೂ ಕುಣಿಯುತ್ತದೆ. ಬಿಚ್ಚಿದರೆ ಒಳಗೆ ಮಸಿ ಮತ್ತು ಎಣ್ಣೆ ಸೇರಿ ಡಾಂಬರಿನ ಹಾಗೆ ಗಟ್ಟಿಯಾಗಿತ್ತು, ಬೆರಳಿನಷ್ಟು ದಾರಿ ಕಡ್ಡಿಯಷ್ಟಾಗಿತ್ತು. ಡೀಸೆಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಒಣಗಿಸಿ ಹಾಕಿದ ಮೇಲೆ ಮುಚ್ಚಳ ಅದುರಿತು, ಬೀಳಲಿಲ್ಲ. ಒಳಗೆ ಒತ್ತಡ ತುಂಬಿದಾಗ ಹೊಸ ಸೀಲೂ ಎಣ್ಣೆ ಬಿಡುತ್ತದೆ. ಈ ಪೈಪ್ ಹಾಗೇ ಬಿಟ್ಟು ಹೈ ಮೈಲೇಜ್ ಆಯಿಲ್ ಹಾಕಿದ್ದರೆ ರಬ್ಬರ್ ಎಷ್ಟು ಉಬ್ಬಿದರೂ ಹನಿ ಬೀಳುತ್ತಲೇ ಇರುತ್ತಿತ್ತು. ಆಮೇಲೆ ಆಯಿಲ್‌ಗೆ ಬೈಗುಳ.

ಏರ್ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿದೆ. ಫಿಲ್ಟರ್ ದಾಟಿದ ಕಡೆ ಬೆರಳಾಡಿಸಿದರೆ ಸಣ್ಣ ಬೂದು ಪುಡಿ. ಸೇಡಂ, ವಾಡಿ, ಶಹಾಬಾದ್ ಕಡೆ ತಿರುಗುವ ಗಾಡಿಗಳಲ್ಲಿ ಇದು ಕಾಣುವುದೇ. ಕಲ್ಲಿನ ಧೂಳು ರಿಂಗಿಗೆ ಸಾಣೆ ಇದ್ದಂತೆ. ಕ್ಲಿಪ್ ಒಂದು ಮುರಿದು ಡಬ್ಬಿ ಪೂರ್ತಿ ಕೂಡುತ್ತಿರಲಿಲ್ಲ. ನೂರು ಕೊಡುವ ಕ್ಲಿಪ್ಪಿನ ಹತ್ತಿರ ಜಿಪುಣತನ ಮಾಡಿ ಆಯಿಲ್‌ಗೆ ಸಾವಿರ ಸುರಿಯುವವರಿಗೆ ಏನು ಹೇಳುವುದು.

ಕಡೆಗೆ ಹೇಳಿದ್ದು ಇಷ್ಟು: ಈಗ ಹಾಕುತ್ತಿರುವ 15ಡಬ್ಲ್ಯೂ-40, ಸಿಐ-4 ದರ್ಜೆಯದೇ ಇರಲಿ. ಹಿಡಿಯುವುದು ಏಳು ಲೀಟರಿನ ಆಸುಪಾಸು, ಫಿಲ್ಟರ್ ಸಮೇತ ಬದಲಿಸು. 10,000ಕ್ಕೆ ಮಾಡುತ್ತಿದ್ದುದನ್ನು 7,000ಕ್ಕೆ ಇಳಿಸು. ಬಿಸಿ ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು, ಎಣ್ಣೆ ಅಳೆಯುವ ಕಡ್ಡಿಯ ಮೇಲಿನ ಗೆರೆಗೆ ಸರಿಯಾಗಿ ತುಂಬು. ಸಾವಿರ ಕಿಲೋಮೀಟರ್ ಓಡಿಸಿ ಅದೇ ಜಾಗದಲ್ಲಿ ನಿಲ್ಲಿಸಿ, ಅಳತೆ ಗೆರೆ ಇರುವ ಬಾಟಲಿಯಿಂದ ಅದೇ ಗೆರೆಗೆ ಮತ್ತೆ ತುಂಬು. ಎಷ್ಟು ಹಿಡಿಯಿತೋ ಅದೇ ನಿಜವಾದ ಲೆಕ್ಕ. ಬ್ರೀದರ್ ತೊಳೆದ ಮೇಲೂ ಹನಿ ನಿಲ್ಲದಿದ್ದರೆ ಆಗ ಸಿ ದರ್ಜೆ ಇರುವ ಹೈ ಮೈಲೇಜ್ ಆಯಿಲ್ ಒಂದು ಸಲ ಹಾಕಿ ನೋಡಬಹುದು. ಹಿಂದಿನ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು, ಎರಡು ದಿನದ ದುಡಿಮೆ ಹೋಗುತ್ತದೆ. ಮುಂದೆ ಯಾವಾಗಲಾದರೂ ಕ್ಲಚ್ ಹಾಕುವಾಗ ಹೇಗೂ ಇಳಿಸಲೇಬೇಕು, ಅಲ್ಲಿತನಕ ದೂಡಲು ಆ ಆಯಿಲ್ ಸಾಕು.

“20ಡಬ್ಲ್ಯೂ-50 ಹಾಕಿಬಿಡ್ಲೇನ್ರಿ, ದಪ್ಪ ಇರ್ತದಲ್ಲ?”

ಹೊಗೆ ಕಮ್ಮಿ ಕಾಣಬಹುದು. ಬೆಳಿಗ್ಗೆ ಚಾಲೂ ಮಾಡಿದಾಗ ಟರ್ಬೊಗೆ ಮುಟ್ಟುವುದು ತಡ, ಎವರೇಜ್ ಇಳಿಯುತ್ತದೆ. ಮಾರುವವರು ಹಾಕುವ ಆಯಿಲ್ ಅದು, ಓಡಿಸುವವರು ಹಾಕುವುದಲ್ಲ ಅಂದೆ. ನಕ್ಕ. ಚಹಾ ಕುಡಿದು ಹೋದ, ರಾತ್ರಿ ಹೈದರಾಬಾದ್ ಏರ್‌ಪೋರ್ಟ್ ಬಾಡಿಗೆ ಇದೆಯಂತೆ.

ಹೋಗುವ ಮೊದಲು ಕಡ್ಡಿಯಿಂದ ಒಂದು ಹನಿ ತೆಗೆದು ಫಿಲ್ಟರ್ ಕಾಗದದ ಮೇಲೆ ಬಿಟ್ಟಿದ್ದೆ. ಅದು ಹರಡಲು ಕೆಲವು ಗಂಟೆ ಬೇಕು. ಈಗ ಒಂಬತ್ತೂವರೆ, ನಡುವೆ ಕಪ್ಪು ಒಂದೇ ಸಮನಾಗಿ ಹರಡಿದೆ, ಅಂದರೆ ಮಸಿ ಇನ್ನೂ ಗಂಟು ಕಟ್ಟಿಲ್ಲ. ಆದರೆ ಅದರ ಹೊರಗೆ ಎಣ್ಣೆಗಿಂತ ತೆಳುವಾದ ಹಳದಿ ಉಂಗುರವೊಂದು ಅಗಲವಾಗುತ್ತಿದೆ. ಇಂಜೆಕ್ಟರಿನಿಂದ ಡೀಸೆಲ್ ಇಳಿದು ಸಂಪಿಗೆ ಸೇರುತ್ತಿದ್ದರೆ ಹೀಗೇ ಕಾಣುತ್ತದೆ. ಹಾಗಿದ್ದರೆ ಒಂದು ಕಡೆ ಎಣ್ಣೆ ಉರಿಯುತ್ತಿದೆ, ಇನ್ನೊಂದು ಕಡೆ ಡೀಸೆಲ್ ತುಂಬುತ್ತಿದೆ, ಕಡ್ಡಿ ತೋರಿಸುವುದು ಎರಡರ ವ್ಯತ್ಯಾಸವನ್ನು ಮಾತ್ರ. ನನ್ನ 200ರ ಲೆಕ್ಕವೇ ಕಮ್ಮಿಯಾಗುತ್ತದೆ. ಮೂಸಿ ನೋಡಿದೆ, ನನ್ನ ಕೈಯೇ ಡೀಸೆಲ್ ನಾರುತ್ತಿದೆ, ಬ್ರೀದರ್ ತೊಳೆದ ಕೈ. ಕಾಗದ ಬೆಳತನಕ ಇರಲಿ ಅಂತ ಫ್ಯಾನ್ ಬಂದ್ ಮಾಡಿದೆ.