ಒಂದೇ ಕ್ವಾಲಿಟಿಯಲ್ಲಿ ಆಕಾಶ ಉಳಿಯುತ್ತದೆ, ಅಕ್ಷರ ಕೆಡುತ್ತದೆ

ಸುದ್ದಿತಾಣಕ್ಕೆ ಚಿತ್ರಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಫೋಟೊದ ಮೇಲೆ ಶೀರ್ಷಿಕೆ ಕೂರಿಸಿ ಜೆಪೆಗ್ ಮಾಡಿದಾಗ ಆಕಾಶ ನುಣುಪಾಗಿಯೇ ಇರುತ್ತದೆ, ಅಕ್ಷರಗಳ ಸುತ್ತ ಮಾತ್ರ ಕೊಳೆ ಮೆತ್ತಿದಂತೆ ಕಾಣುತ್ತದೆ. ಹೊಸದಾಗಿ ಸೇರುವ ಪ್ರತಿಯೊಬ್ಬರೂ ಇದಕ್ಕೆ ಕಾರಣ ಕೇಳುತ್ತಾರೆ. ನಾನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ.

ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಬ್ಲಾಕ್‌ಗಳಾಗಿ ಕತ್ತರಿಸುತ್ತದೆ. ಆಕಾಶದ ಒಂದು ಬ್ಲಾಕಿನಲ್ಲಿ ಎಂಟೂ ಸಾಲುಗಳ ಹೊಳಪು ಎಡದಿಂದ ಬಲಕ್ಕೆ 100, 104, 108 ಎಂದು ಏರುತ್ತ 128ಕ್ಕೆ ಮುಟ್ಟುತ್ತದೆ ಎನ್ನೋಣ. ಪ್ರತಿ ಪಿಕ್ಸೆಲ್‌ನಿಂದ 128 ಕಳೆದು, ಹೊಳಪಿನ ಏರಿಳಿತವನ್ನು ನಿಧಾನದಿಂದ ವೇಗದವರೆಗಿನ ಅಲೆಗಳಾಗಿ ಬಿಡಿಸಿ ಪ್ರತಿ ಅಲೆಯ ಪ್ರಮಾಣವನ್ನು ಒಂದು ಗುಣಾಂಕವಾಗಿ ಕೊಡುವ ಡಿಸಿಟಿ ಎಂಬ ಪರಿವರ್ತನೆ ಮಾಡಿದರೆ, ಸರಾಸರಿಯನ್ನು ಹೇಳುವ ಮೊದಲ ಗುಣಾಂಕ −112, ಅದರ ಬಲಕ್ಕಿರುವುದು ಸುಮಾರು −73. ಉಳಿದವುಗಳಲ್ಲಿ ದೊಡ್ಡದು −7.6 ಮಾತ್ರ. ಏರಿಳಿತದ ಶಕ್ತಿಯ ಸುಮಾರು 99% ಆ −73 ಒಂದರಲ್ಲೇ ಕೂಡಿಕೊಂಡಿದೆ. (ಈ ಪರಿವರ್ತನೆಯನ್ನು 1974ರಲ್ಲಿ ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಪ್ರಕಟಿಸಿದ ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯೇ ಎಂಜಿನಿಯರಿಂಗ್ ಓದಿದವರು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆ.)

ಇಲ್ಲಿಯವರೆಗೆ ಕಳೆದುಹೋದದ್ದು ಏನೂ ಇಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಾದ ಕ್ವಾಂಟೈಸೇಷನ್‌ನಲ್ಲಿ: ಪ್ರತಿ ಗುಣಾಂಕವನ್ನು ಕೋಷ್ಟಕದ ಸಂಖ್ಯೆಯಿಂದ ಭಾಗಿಸಿ, ಹತ್ತಿರದ ಪೂರ್ಣಾಂಕಕ್ಕೆ ತರುತ್ತಾರೆ. ಮಾನಕದಲ್ಲಿ ಉದಾಹರಣೆಯಾಗಿ ಕೊಟ್ಟಿರುವ ಕೋಷ್ಟಕದ ಮೊದಲ ಸಾಲು 16, 11, 10, 16, 24, 40, 51, 61. −112 ಅನ್ನು 16ರಿಂದ ಭಾಗಿಸಿದರೆ −7, −73 ಅನ್ನು 11ರಿಂದ ಭಾಗಿಸಿದರೂ −7. −7.6 ಸೇರಿ ಮಿಕ್ಕವೆಲ್ಲ ಸೊನ್ನೆ. 64 ಸಂಖ್ಯೆಗಳಲ್ಲಿ ಉಳಿದದ್ದು ಎರಡೇ. ಮತ್ತೆ ಅವೇ ಭಾಜಕಗಳಿಂದ ಗುಣಿಸಿ ಹಿಂದಿರುಗಿಸಿದಾಗ ಸಾಲು 101, 103, 106, 111, 117, 122, 125, 127 ಆಗುತ್ತದೆ. ಎಲ್ಲಿಯೂ 2ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲ.

ಈಗ ಅಕ್ಷರದ ಅಂಚು: ಅರ್ಧ ಬ್ಲಾಕ್ 228, ಇನ್ನರ್ಧ 28. ಇಲ್ಲಿ ಶಕ್ತಿ ಒಂದೆಡೆ ಸೇರುವುದಿಲ್ಲ. ಗುಣಾಂಕಗಳು 725, −255, 170, −144. ಕೊನೆಯದು ಸಾಲಿನ ತುತ್ತತುದಿಯಲ್ಲಿ, ಭಾಜಕ ದೊಡ್ಡದಿರುವ ಜಾಗದಲ್ಲಿದೆ. ಕೋಷ್ಟಕವನ್ನು ಇದ್ದಂತೆಯೇ ಬಳಸುವ ಕ್ವಾಲಿಟಿ 50ರಲ್ಲಿ ಬಿಳಿಯ ಭಾಗ 5ರಷ್ಟೇ ಅಲುಗಾಡುತ್ತದೆ. ಹಲವು ತಂತ್ರಾಂಶಗಳು ಬಳಸುವ ಲಿಬ್‌ಜೆಪೆಗ್‌ನಲ್ಲಿ ಕ್ವಾಲಿಟಿ 10 ಎಂದರೆ ಕೋಷ್ಟಕದ ಐದು ಪಟ್ಟು, 255 ಮೀರದಂತೆ. ಆಗ −144 ಎಂಬುದು −255 ಆಗಿ ಮರಳುತ್ತದೆ. ಅಂಚಿನಿಂದಾಚೆಗೆ 228 ಇರಬೇಕಾದ ಪಿಕ್ಸೆಲ್‌ಗಳು ಸುಮಾರು 250, 209, 232, 228 ಆಗುತ್ತವೆ. ಕೊಳೆಯಂತೆ ಕಾಣುವುದು ಆ 209.

ಆದ್ದರಿಂದ ಕ್ವಾಲಿಟಿ ನಿರ್ಧರಿಸುವಾಗ ನಾವು ಆಕಾಶದ ಜೊತೆಗೆ ಒತ್ತಕ್ಷರಗಳನ್ನೂ 400%ಕ್ಕೆ ಹಿಗ್ಗಿಸಿ ನೋಡುತ್ತೇವೆ. ಕಲೆಗಳು 8 ಪಿಕ್ಸೆಲ್‌ಗಳ ಚೌಕದ ಗೆರೆಯಲ್ಲಿ ಥಟ್ಟನೆ ನಿಂತಿದ್ದರೆ ಅದು ಕ್ವಾಂಟೈಸೇಷನ್‌ನದೇ ಕೆಲಸ. ಬರಹವೇ ಮುಖ್ಯವಾದ ಚಿತ್ರವನ್ನು ಪಿಎನ್‌ಜಿಯಲ್ಲಿ ಉಳಿಸುತ್ತೇವೆ.